ತಲೆಸ್ನಾನದ ಮೇಲೆ ಬಿದ್ದ ಆರೋಪ

ರಾತ್ರಿ ತಲೆಗೆ ನೀರು ಹಾಕಿಕೊಂಡು ಮಲಗಿದರೆ ಬೆಳಗ್ಗೆ ತಲೆ ಎತ್ತಲಾಗುವುದಿಲ್ಲ. ಒದ್ದೆ ಕೂದಲಲ್ಲಿ ಫ್ಯಾನಿನ ಕೆಳಗೆ ಕೂತರೆ ಶೀತ ತಲೆಗಿಳಿಯುತ್ತದೆ. ಈ ಎರಡು ಮಾತು ಕಿವಿಗೆ ಬೀಳದೆ ಬೆಳೆದ ಕನ್ನಡಿಗರು ಕಡಿಮೆ. ಹೇಳುವವರು ಸುಮ್ಮನೆ ಹೇಳುವುದೂ ಇಲ್ಲ. ‘ಮೊನ್ನೆ ನನಗೇ ಆಯಿತಲ್ಲ’ ಎಂಬ ಸಾಕ್ಷಿ ಎಲ್ಲರ ಬಳಿಯೂ ಇರುತ್ತದೆ. ಆದ್ದರಿಂದ ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಸಾಕ್ಷಿಯನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಹಾಗೆ ನೋಡಿದರೆ ತಲೆಸ್ನಾನದ ಮೇಲಿನ ಆರೋಪಗಳಲ್ಲಿ ಹೆಚ್ಚಿನವು ಬಿದ್ದುಹೋಗುತ್ತವೆ, ಒಂದೆರಡು ಮಾತ್ರ ಬೇರೆ ರೂಪದಲ್ಲಿ ಉಳಿಯುತ್ತವೆ.

ಮೊದಲಿಗೆ, ತಲೆನೋವು ಎಷ್ಟು ಸಾಮಾನ್ಯ ಎಂಬುದು ಗೊತ್ತಿರಬೇಕು. 2009–10ರಲ್ಲಿ ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ವಯಸ್ಕರನ್ನು ಮಾತಾಡಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ನೂರಕ್ಕೆ ಸುಮಾರು 64. ಮೈಗ್ರೇನ್, ಅಂದರೆ ಹಳಬರು ಅರೆತಲೆನೋವು ಎನ್ನುತ್ತಿದ್ದುದು, ನೂರಕ್ಕೆ ಸುಮಾರು 25 ಜನರಲ್ಲಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ವಾರಕ್ಕೆ ಒಂದೋ ಎರಡೋ ಸಲ ತಲೆಸ್ನಾನ ಮಾಡುವ, ರಾತ್ರಿಯೆಲ್ಲ ಫ್ಯಾನ್ ತಿರುಗುವ ಊರಿನಲ್ಲಿ ಇಷ್ಟು ಜನಕ್ಕೆ ತಲೆನೋವು ಬರುತ್ತಿದ್ದರೆ, ಎರಡೂ ಆಗಾಗ ಒಂದೇ ದಿನ ಬೀಳುವುದು ಸಹಜ. ಬಿದ್ದ ದಿನ ನೆನಪಿನಲ್ಲಿ ಉಳಿಯುತ್ತದೆ, ತಲೆಸ್ನಾನ ಮಾಡಿ ಸುಖವಾಗಿ ನಿದ್ದೆ ಮಾಡಿದ ಹತ್ತಾರು ರಾತ್ರಿಗಳನ್ನು ಯಾರೂ ಎಣಿಸುವುದಿಲ್ಲ.

ಇನ್ನು ತಂಪಿನ ಆರೋಪ. ತಲೆಗೆ ಹಾಕಿದ ನೀರು ಚರ್ಮ ದಾಟಿ ಒಳಗೆ ಇಳಿಯುವುದಿಲ್ಲ, ತಲೆಬುರುಡೆಯೊಳಗೆ ಕಟ್ಟಿಕೊಳ್ಳುವುದೂ ಇಲ್ಲ. ಮಿದುಳಿನ ಬಿಸಿಯನ್ನು ಅದರೊಳಗೆ ಹರಿಯುವ ರಕ್ತ ಕಾಯ್ದುಕೊಳ್ಳುತ್ತದೆ, ಒದ್ದೆ ಜಡೆಗೆ ಅದನ್ನು ಬದಲಿಸುವ ಶಕ್ತಿಯಿಲ್ಲ. ಆದರೆ ತಂಪಿನಿಂದ ಬರುವ ತಲೆನೋವು ಎಂಬುದು ನಿಜವಾಗಿಯೂ ಇದೆ. ಅಂತಾರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವೇ ಇದೆ. ಹಿಮಗಾಳಿಗೆ ಬರಿತಲೆಯಲ್ಲಿ ನಿಂತವರಿಗೆ, ಮಂಜಿನಂಥ ನೀರಿಗೆ ಧುಮುಕಿದವರಿಗೆ ಬರುವ ನೋವು ಅದು. ಅದರ ಲಕ್ಷಣದಲ್ಲಿ ನಮಗೆ ಬೇಕಾದ ಸುಳಿವು ಇದೆ. ತಂಪು ತಾಗುತ್ತಿರುವಾಗ ಅಥವಾ ತಾಗಿದ ತಕ್ಷಣ ಶುರುವಾಗಬೇಕು, ತಂಪು ಹೋದ ಮೇಲೆ ಅರ್ಧ ಗಂಟೆಯೊಳಗೆ ಇಳಿಯಬೇಕು. ರಾತ್ರಿ ಒಂಬತ್ತಕ್ಕೆ ಹಂಡೆಯ ಬಿಸಿನೀರು ಹಾಕಿಕೊಂಡು, ಮರುದಿನ ಬೆಳಗ್ಗೆ ಆರಕ್ಕೆ ಎದ್ದಾಗ ಕಾಣಿಸಿಕೊಂಡು, ಮಧ್ಯಾಹ್ನದವರೆಗೂ ಸಿಡಿಯುವ ನೋವು ಈ ಲೆಕ್ಕಕ್ಕೆ ಯಾವ ಕಡೆಯಿಂದಲೂ ಹೊಂದುವುದಿಲ್ಲ.

ಎರಡನೆಯ ವಾದ ಸ್ವಲ್ಪ ಸುತ್ತುಬಳಸಿನದು. ಒದ್ದೆ ತಲೆಯಿಂದ ನೆಗಡಿ, ನೆಗಡಿಯಿಂದ ಸೈನಸ್, ಸೈನಸ್‌ನಿಂದ ತಲೆನೋವು. ನೆಗಡಿ ಬರುವುದು ವೈರಸ್ಸಿನಿಂದ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಒದ್ದೆಮೈ ಅದಕ್ಕೆ ದಾರಿ ಮಾಡಿಕೊಡುತ್ತದೆಯೇ ಎಂದು ಪರೀಕ್ಷಿಸಿದವರೂ ಇದ್ದಾರೆ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನ ಸ್ಯಾಲಿಸ್ಬರಿಯಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿತ್ತು. ಅಲ್ಲಿನ ಕ್ರಿಸ್ಟೋಫರ್ ಆ್ಯಂಡ್ರ್ಯೂಸ್ ಸ್ವಯಂಸೇವಕರಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಒದ್ದೆ ಬಟ್ಟೆಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು. ನಮ್ಮ ಅಜ್ಜಿಯರ ಎಚ್ಚರಿಕೆಯನ್ನು ಇದಕ್ಕಿಂತ ಚೆನ್ನಾಗಿ ಪ್ರಯೋಗಕ್ಕಿಳಿಸುವುದು ಕಷ್ಟ. ವೈರಸ್ ಕೊಡದೆ ಬರೀ ನಡುಗಿಸಿದವರಿಗೆ ನೆಗಡಿ ಬರಲಿಲ್ಲ. 2005ರಲ್ಲಿ ಕಾರ್ಡಿಫ್‌ನಲ್ಲಿ ನಡೆದ ಪ್ರಯೋಗ ಮಾತ್ರ ಸ್ವಲ್ಪ ಬೇರೆ ಹೇಳಿತು. ಅಲ್ಲಿ 90 ಜನ ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂತರು, ಇನ್ನು 90 ಜನ ಖಾಲಿ ಪಾತ್ರೆಯಲ್ಲಿ ಕಾಲಿಟ್ಟರು. ಮುಂದಿನ ನಾಲ್ಕೈದು ದಿನಗಳಲ್ಲಿ ನೆಗಡಿಯ ಲಕ್ಷಣ ಹೇಳಿಕೊಂಡವರು ಮೊದಲ ಗುಂಪಿನಲ್ಲಿ 13, ಎರಡನೆಯದರಲ್ಲಿ 5. ಮೂಗಿನಲ್ಲಿ ಮೊದಲೇ ಅಡಗಿದ್ದ ವೈರಸ್‌ಗೆ ತಂಪು ಅವಕಾಶ ಕೊಟ್ಟಿರಬಹುದು ಎಂಬುದು ಆ ಸಂಶೋಧಕರ ಊಹೆ. ಅಷ್ಟನ್ನು ಒಪ್ಪಿದರೂ ನೆಗಡಿ ಬರಲು ದಿನಗಳು ಬೇಕಾದವು, ರಾತ್ರಿಯ ಸ್ನಾನಕ್ಕೆ ಬೆಳಗಿನ ತಲೆನೋವನ್ನು ಅದು ಗಂಟುಹಾಕುವುದಿಲ್ಲ.

ಸೈನಸ್ ವಿಷಯಕ್ಕೆ ಬಂದರೆ ಕತೆ ಇನ್ನೂ ಸ್ವಾರಸ್ಯವಾಗಿದೆ. ‘ನನಗೆ ಸೈನಸ್ ಇದೆ, ತಲೆಗೆ ನೀರು ಬಿದ್ದರೆ ಆಗುವುದಿಲ್ಲ’ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಅಮೆರಿಕದಲ್ಲಿ, ತಮಗಿರುವುದು ಸೈನಸ್ ತಲೆನೋವು ಎಂದು ತಾವೇ ನಂಬಿದ್ದ ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಪರೀಕ್ಷಿಸಿ 2004ರಲ್ಲಿ ಒಂದು ವರದಿ ಬಂತು. ಅವರಲ್ಲಿ ನೂರಕ್ಕೆ 88 ಜನರ ನೋವು ಮೈಗ್ರೇನ್ ಮಾದರಿಯದಾಗಿತ್ತು. ಈ ಗೊಂದಲಕ್ಕೆ ಕಾರಣವಿದೆ. ಮೈಗ್ರೇನ್ ಬಂದಾಗ ಮುಖದ ನರಗಳ ಮೂಲಕ ಮೂಗಿನ ಒಳಪದರಕ್ಕೂ ಕಣ್ಣೀರಿನ ಗ್ರಂಥಿಗೂ ಸಂದೇಶ ಹೋಗುತ್ತದೆ. ಮೂಗು ಕಟ್ಟುತ್ತದೆ, ನೀರು ಸುರಿಯುತ್ತದೆ, ಕಣ್ಣಿನ ಸುತ್ತ ಭಾರವಾಗುತ್ತದೆ. ಹಾಗಾಗಿ ಮನೆಯವರು ‘ನೋಡು, ಶೀತ ಆಯಿತು’ ಎನ್ನುತ್ತಾರೆ. ನಿಜವಾದ ಸೈನಸ್ ಸೋಂಕಿಗೆ ಹಳದಿ ಅಥವಾ ಹಸಿರು ಗೊಣ್ಣೆ, ವಾಸನೆ ತಿಳಿಯದಿರುವುದು, ಜ್ವರ ಇಂಥ ಗುರುತುಗಳಿರುತ್ತವೆ. ವಾಂತಿ ಬಂದಂತಾಗುವುದು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳಬೇಕೆನಿಸುವುದು, ಮೆಟ್ಟಿಲು ಹತ್ತಿದರೆ ಹೆಚ್ಚುವುದು, ಚಿಕಿತ್ಸೆ ಇಲ್ಲದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇರುವುದು ಮೈಗ್ರೇನ್ ಗುಣ.

ಫ್ಯಾನಿನ ಮೇಲಿನ ದೂರು ನಮ್ಮದೊಂದೇ ಅಲ್ಲ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದರೆ ಜೀವವೇ ಹೋಗುತ್ತದೆ ಎಂದು ದಕ್ಷಿಣ ಕೊರಿಯಾದಲ್ಲಿ ಎಷ್ಟೋ ಜನ ನಂಬಿದ್ದರು. ಅವರ ಮುಂದೆ ನಾವು ಧೈರ್ಯವಂತರೇ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಓಡಾಡಿಸುತ್ತದೆ ಅಷ್ಟೆ; ಬೆವರು ಬೇಗ ಆರಿ ಮೈಗೆ ತಂಪೆನಿಸುತ್ತದೆ. ರಾತ್ರಿಯಿಡೀ ಮುಖದ ಮೇಲೇ ಬೀಸಿದರೆ ಕಣ್ಣು, ಗಂಟಲು ಒಣಗಬಹುದು. ರೆಕ್ಕೆಯ ಮೇಲೆ ತಿಂಗಳುಗಟ್ಟಲೆ ಕೂತ ಧೂಳು ಉದುರಿದರೆ ಅಲರ್ಜಿ ಇರುವವರಿಗೆ ಸೀನು ಬರುತ್ತದೆ. ಇವು ನಿಜ, ಆದರೆ ತಲೆನೋವಿಗೆ ಇವು ಸಾಕಾಗುವುದಿಲ್ಲ.

ಹಾಗಾದರೆ ‘ಫ್ಯಾನಿನ ಕೆಳಗೆ ಕೂತೆ, ಕತ್ತು ಹಿಡಿಯಿತು, ಆಮೇಲೆ ತಲೆ ಸಿಡಿಯತೊಡಗಿತು’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಕಂಡ ಕ್ರಮ ಸರಿ, ಕಾರಣ ಹೇಳುವಲ್ಲಿ ತಿರುವುಮುರುವಾಗಿದೆ. ಮೈಗ್ರೇನ್ ನೋವಿನೊಂದಿಗೇ ಶುರುವಾಗುವುದಿಲ್ಲ. ನೋವಿಗೆ ಕೆಲವು ಗಂಟೆ ಮುಂಚೆ, ಒಮ್ಮೊಮ್ಮೆ ಎರಡು ದಿನ ಮುಂಚೆಯೇ ಮಿದುಳಿನಲ್ಲಿ ಅದರ ಕೆಲಸ ಆರಂಭವಾಗಿರುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳು ನೋವು ಬರುವ ಮುನ್ನವೇ ತಮಗನಿಸಿದ್ದನ್ನು ಎಲೆಕ್ಟ್ರಾನಿಕ್ ದಿನಚರಿಯಲ್ಲಿ ದಾಖಲಿಸುತ್ತ ಹೋದರು. ಹೆಚ್ಚಾಗಿ ಕಂಡದ್ದು ಸುಸ್ತು, ಗಮನ ನಿಲ್ಲದಿರುವುದು ಮತ್ತು ಕತ್ತು ಬಿಗಿಯುವುದು. ಸುಸ್ತಾದವನು ಮಾಡುವುದೇನು? ಬಂದು ಫ್ಯಾನಿನ ಕೆಳಗೆ ಕೂರುತ್ತಾನೆ. ಒಂದು ಗಂಟೆಯ ನಂತರ ನೋವು ಬಂದರೆ ಫ್ಯಾನ್ ಸಿಕ್ಕಿಬೀಳುತ್ತದೆ. ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಮೈಗ್ರೇನ್ ಏರಿದಾಗ ಬಹಳ ಜನರ ನೆತ್ತಿಯ ಚರ್ಮ ಹಸಿ ಗಾಯದಂತಾಗುತ್ತದೆ. ಬಾಚಣಿಗೆ ತಾಗಿದರೆ ನೋವು, ತುರುಬಿನ ಭಾರ ನೋವು, ಗಾಳಿ ಬಡಿದರೂ ನೋವು. ಆಗ ಫ್ಯಾನ್ ಆರಿಸಿದರೆ ಹಾಯೆನಿಸುವುದು ನಿಜವೇ. ಹಾಗೆಂದು ನೋವು ತಂದದ್ದು ಫ್ಯಾನ್ ಎಂದಾಗುವುದಿಲ್ಲ.

ತನಗೆ ಯಾವುದರಿಂದ ತಲೆನೋವು ಬರುತ್ತದೆಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಡೆನ್ಮಾರ್ಕಿನ ಸಂಶೋಧಕರು 27 ಮೈಗ್ರೇನ್ ರೋಗಿಗಳನ್ನು ಕರೆಸಿದರು. ಪ್ರಖರ ಬೆಳಕು ಅಥವಾ ಶ್ರಮದ ವ್ಯಾಯಾಮ ತಮಗೆ ಖಂಡಿತ ನೋವು ತರುತ್ತದೆ ಎಂದವರು ಅವರು. ಅದನ್ನೇ ಬೇಕೆಂದೇ ಕೊಟ್ಟು ನೋಡಿದರು. ಅವರು ಹೇಳಿದ ಮಾದರಿಯ, ಕಣ್ಣಮುಂದೆ ಮಿಂಚುಗೆರೆ ಕಾಣಿಸಿ ಬರುವ ಮೈಗ್ರೇನ್ ಬಂದದ್ದು ಮೂವರಿಗೆ ಮಾತ್ರ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಬಲವಾದ ಸಾಕ್ಷಿಯನ್ನೂ ಕೇಳಬೇಕು. ಮುಂಬೈನ ತಲೆನೋವು ತಜ್ಞ ಕೆ. ರವಿಶಂಕರ್ 2006ರಲ್ಲಿ, ತಲೆಸ್ನಾನದಿಂದಲೇ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ಬಗ್ಗೆ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು. ಅವರು ಪರಿಶೀಲಿಸಿದ್ದ ಮೈಗ್ರೇನ್ ರೋಗಿಗಳ ಸಂಖ್ಯೆ 1,500. ಆ 94ರಲ್ಲಿಯೂ ತಲೆಸ್ನಾನ ಒಂದೇ ಕಾರಣವಾಗಿದ್ದದ್ದು 11 ಜನರಿಗೆ ಮಾತ್ರ, ಉಳಿದವರಿಗೆ ಅದರ ಜೊತೆ ಬೇರೆ ಕಾರಣಗಳೂ ಇದ್ದವು. ಅಂದರೆ ಇದು ಪೂರ್ತಿ ಕಟ್ಟುಕತೆಯಲ್ಲ, ಮೈಗ್ರೇನ್ ಇರುವ ಕೆಲವರಿಗೆ ನಿಜ. ಮೈಗ್ರೇನ್ ಇಲ್ಲದವರಿಗೆ ಅದು ತಲೆನೋವು ಹುಟ್ಟಿಸುತ್ತದೆ ಎಂದು ಈ ವರದಿ ಹೇಳುವುದಿಲ್ಲ, ರಾತ್ರಿಯ ಸ್ನಾನವನ್ನು ಬೇರೆ ಮಾಡಿ ದೂರುವುದೂ ಇಲ್ಲ.

ತಲೆಗೆ ಸುರಿಯುವ ನೀರು ಮಿದುಳನ್ನು ಕೆರಳಿಸಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಇನ್ನೂ ದೊಡ್ಡ ಪುರಾವೆಯಿದೆ. ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ಬೇಗಬೇಗ ತಲೆಗೆ ಸುರಿದುಕೊಂಡಾಗ ಫಿಟ್ಸ್ ಬರುವ ಒಂದು ಬಗೆಯ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ಪ್ರಪಂಚದ ಬೇರೆ ಕಡೆಗಿಂತ ಹೆಚ್ಚಾಗಿ ಕಂಡಿದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ, ನಂತರ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಅಲ್ಲಿ ದೋಷ ತಣ್ಣೀರಿನದಲ್ಲ, ಒದ್ದೆ ಕೂದಲಿನದೂ ಅಲ್ಲ, ನೀರಿನ ಬಿಸಿ ಮತ್ತು ಸುರಿಯುವ ರೀತಿಯದು. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ತಲೆಯ ಮೇಲೆ ಧಾರೆಯಾಗಿ ಸುರಿಯದಿದ್ದರೆ ಎಷ್ಟೋ ಜನರಿಗೆ ಅದು ತಪ್ಪುತ್ತದೆ. ತಲೆನೋವಿನ ವಿಷಯದಲ್ಲಿ ನಾವು ತಂಪನ್ನು ಅನುಮಾನಿಸುತ್ತ ಬಿಸಿಯನ್ನು ಬಿಟ್ಟೇಬಿಟ್ಟಿದ್ದೇವೆ ಎಂಬುದು ನನ್ನ ಅನಿಸಿಕೆ.

ಬಿಸಿಗಿಂತಲೂ ಹೆಚ್ಚಾಗಿ ನಾವು ಗಮನಿಸದೆ ಬಿಟ್ಟಿರುವುದು ತಲೆಸ್ನಾನದ ಸಂಗಡಿಗರನ್ನು. ನಮ್ಮಲ್ಲಿ ತಲೆಸ್ನಾನ ಒಂಟಿಯಾಗಿ ಬರುವುದೇ ಇಲ್ಲ. ಹಬ್ಬದ ದಿನ ನೋಡಿ. ಹಿಂದಿನ ರಾತ್ರಿ ತೋರಣ, ಹೋಳಿಗೆಯ ಹೂರಣ ಅಂತ ಹನ್ನೆರಡಾಗಿರುತ್ತದೆ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು. ಸೀಗೆಪುಡಿ ಹಾಕಿ ತಲೆ ತೊಳೆದು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ, ಇನ್ನೂ ಒದ್ದೆಯಿರುವಾಗಲೇ ಬಿಗಿಯಾಗಿ ತುರುಬು ಕಟ್ಟಿ ಮೇಲೆ ಮಲ್ಲಿಗೆ ಮುಡಿಯುತ್ತಾರೆ. ಪೂಜೆ ಮುಗಿಯುವವರೆಗೆ ಬಾಯಿಗೆ ನೀರಿಲ್ಲ, ಅದು ಹನ್ನೊಂದಾಗುತ್ತದೆ. ಅಷ್ಟರಲ್ಲಿ ಊದುಬತ್ತಿ, ಕರ್ಪೂರ, ಒಲೆಯ ಶಾಖ. ಮಧ್ಯಾಹ್ನ ತಲೆ ಸಿಡಿದರೆ ‘ಅಷ್ಟು ಬೆಳಗ್ಗೆ ತಲೆಗೆ ನೀರು ಹಾಕಿಕೊಂಡೆಯಲ್ಲ’ ಎನ್ನುತ್ತಾರೆ. ಮೈಗ್ರೇನ್ ಕೆರಳಿಸುವ ಕಾರಣಗಳನ್ನು 1,207 ರೋಗಿಗಳಿಂದ ಕೇಳಿ 2007ರಲ್ಲಿ ಪ್ರಕಟಿಸಿದ ಪಟ್ಟಿಯೊಂದಿದೆ. ಮಾನಸಿಕ ಒತ್ತಡ ಎಂದವರು ನೂರಕ್ಕೆ 80, ಹೆಂಗಸರಲ್ಲಿ ಹಾರ್ಮೋನು ಎಂದವರು 65, ಊಟ ತಪ್ಪುವುದು 57, ನಿದ್ದೆಗೆಡುವುದು 50, ಸುಗಂಧ ಅಥವಾ ವಾಸನೆ 44. ಇವೂ ರೋಗಿಗಳು ತಾವಾಗಿ ಹೇಳಿದ್ದೇ, ಆ ಮಿತಿ ಇದಕ್ಕೂ ಇದೆ. ಆದರೂ ನಮ್ಮ ಹಬ್ಬದ ಬೆಳಗ್ಗೆಯಲ್ಲಿ ಈ ಪಟ್ಟಿಯ ಮೇಲ್ಭಾಗ ಬಹುಪಾಲು ಬಂದುಹೋಗುತ್ತದೆ. ಬಿಗಿ ತುರುಬು ಕೂಡ ಲೆಕ್ಕಕ್ಕಿದೆ. ಕೂದಲು ಎಳೆದು ಕಟ್ಟಿದ್ದರಿಂದ ಬರುವ ತಲೆನೋವಿಗೆ ವರ್ಗೀಕರಣದಲ್ಲಿ ಬೇರೆಯೇ ಹೆಸರಿದೆ. ಬಿಚ್ಚಿದ ಸ್ವಲ್ಪ ಹೊತ್ತಿಗೆ ಇಳಿಯುವುದು ಅದರ ಗುರುತು.

ಭಾನುವಾರದ ಎಣ್ಣೆಸ್ನಾನದ ಕತೆಯೂ ಹೀಗೆಯೇ. ವಾರವೆಲ್ಲ ಬೆಳಗ್ಗೆ ಆರಕ್ಕೆ ಫಿಲ್ಟರ್ ಕಾಫಿ ಕುಡಿಯುವವನು ಭಾನುವಾರ ಎಂಟಕ್ಕೆ ಎದ್ದು, ಎಣ್ಣೆ ಹಚ್ಚಿಕೊಂಡು ಕೂತು, ಸ್ನಾನ ಮುಗಿಸಿ ಕಾಫಿಗೆ ಕೈಹಾಕುವಾಗ ಹತ್ತೂವರೆ. ದಿನವೂ ಸಾಕಷ್ಟು ಕೆಫೀನ್ ಪಡೆಯುವ ದೇಹಕ್ಕೆ ಅದು ಹೊತ್ತಿಗೆ ಸಿಗದಿದ್ದರೆ ತಲೆನೋವು ಬರುತ್ತದೆ. ಒಂದು ಲೋಟ ಸ್ಟ್ರಾಂಗ್ ಕಾಫಿ ಕುಡಿದು ಒಂದು ಗಂಟೆಯೊಳಗೆ ಮಾಯವಾದರೆ ಕಾಫಿಯದೇ ಕೆಲಸ ಎಂದು ತಿಳಿಯಬಹುದು.

ಇನ್ನೊಂದು ಸಂಗತಿಯನ್ನು ಮನೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಿನ ಹೊತ್ತಿಗೆ ಈಸ್ಟ್ರೋಜನ್ ಇಳಿಯುವುದರಿಂದ ಕೆರಳುವ ಮೈಗ್ರೇನ್, ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೇ ದಿನದವರೆಗಿನ ಅವಧಿಯಲ್ಲಿ ಬರುತ್ತದೆ, ಬಂದರೆ ಮೂರು ದಿನ ಇರಬಹುದು. ಎಷ್ಟೋ ಮನೆಗಳಲ್ಲಿ ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಳ್ಳುವ ಪದ್ಧತಿ. ಮೂರನೇ ದಿನ ಶುರುವಾದ ನೋವು ನಾಲ್ಕನೇ ದಿನದ ಸ್ನಾನದ ನಂತರವೂ ಇರುತ್ತದೆ, ಸಿಡಿತ ಅಂದೇ ಏರಲೂಬಹುದು. ತಿಂಗಳು ತಿಂಗಳೂ ಇದೇ ನಡೆದರೆ ‘ನನಗೆ ತಲೆಸ್ನಾನ ಆಗಿಬರುವುದಿಲ್ಲ’ ಎಂಬ ತೀರ್ಮಾನ ಗಟ್ಟಿಯಾಗದೆ ಇನ್ನೇನಾಗುತ್ತದೆ?

ಇದನ್ನು ಬಿಡಿಸಿ ನೋಡಲು ಒಂದು ಪುಟ್ಟ ದಿನಚರಿ ಸಾಕು. ಉದಾಹರಣೆಗೆ ಒಬ್ಬ ಹೆಂಗಸು ಹನ್ನೆರಡು ವಾರ, ಅಂದರೆ 84 ದಿನ, ಬರೆದಿಡುತ್ತಾಳೆ ಎಂದುಕೊಳ್ಳಿ. ರಾತ್ರಿ ತಲೆಸ್ನಾನ ಮಾಡಿದೆನೇ, ಎಷ್ಟಕ್ಕೆ ಮಲಗಿದೆ, ಮೊದಲ ತಿಂಡಿ ಎಷ್ಟಕ್ಕೆ, ಮುಟ್ಟು ಯಾವಾಗ, ಮರುದಿನ ತಲೆನೋವು ಬಂತೇ, ಅಷ್ಟೆ. ವಾರಕ್ಕೆರಡು ಸಲದಂತೆ 24 ರಾತ್ರಿ ತಲೆಸ್ನಾನ. ಒಟ್ಟು ಒಂಬತ್ತು ದಿನ ತಲೆನೋವು. ಅದರಲ್ಲಿ ಮೂರು ತಲೆಸ್ನಾನದ ಮರುದಿನ ಬಂದಿವೆ. ಮೂರು ಸಲ ಎಂದರೆ ಮನಸ್ಸಿಗೆ ಸಾಕಷ್ಟಾಯಿತು. ಆದರೆ ಸ್ನಾನ ಮಾಡದ 60 ರಾತ್ರಿಗಳ ಮರುದಿನ ಆರು ಸಲ ಬಂದಿದೆ. ಅಲ್ಲಿ ಎಂಟಕ್ಕೆ ಒಂದು, ಇಲ್ಲಿ ಹತ್ತಕ್ಕೆ ಒಂದು. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಲ್ಲದು. ಈಗ ಅದೇ ಹಾಳೆಯಲ್ಲಿ ತಿಂಡಿಯ ಕಂಬಸಾಲು ನೋಡಿ. ಹತ್ತರ ನಂತರ ತಿಂಡಿ ತಿಂದ ದಿನ ಹನ್ನೆರಡು, ಅವುಗಳಲ್ಲಿ ಆರು ದಿನ ತಲೆನೋವು. ಹೊತ್ತಿಗೆ ತಿಂದ 72 ದಿನಗಳಲ್ಲಿ ಮೂರು. ಎರಡಕ್ಕೆ ಒಂದೆಲ್ಲಿ, ಇಪ್ಪತ್ತನಾಲ್ಕಕ್ಕೆ ಒಂದೆಲ್ಲಿ? ಇಷ್ಟು ಅಂತರ ಕಂಡರೆ ಹಸಿವನ್ನು ಹಿಡಿದು ವಿಚಾರಿಸಬೇಕು. ದಿನಚರಿಯಲ್ಲಿ ಮುಖ್ಯವಾದದ್ದು ತಲೆನೋವು ಬಾರದ ದಿನಗಳನ್ನೂ ಬರೆಯುವುದು. ನೋವಿನ ದಿನ ಮಾತ್ರ ಬರೆದರೆ ಈ ಲೆಕ್ಕ ಹುಟ್ಟುವುದೇ ಇಲ್ಲ.

ದಿನಚರಿ ತಲೆಸ್ನಾನವನ್ನೇ ತೋರಿಸಿದರೆ? ಬೇರೆ ಸಂಗಡಿಗರಿಲ್ಲದ ದಿನವೂ, ಸ್ನಾನವಾದ ಕೆಲವೇ ಹೊತ್ತಿನಲ್ಲಿ, ಮತ್ತೆ ಮತ್ತೆ ಬಂದರೆ ನೀವು ರವಿಶಂಕರ್ ವಿವರಿಸಿದ ಗುಂಪಿನವರಿರಬಹುದು. ಅಂಥವರು ಕೂದಲು ತೊಳೆಯುವುದನ್ನು ಬಿಡಬೇಕಿಲ್ಲ. ಮೈಗ್ರೇನ್ ಚಿಕಿತ್ಸೆ ಪಡೆಯಬೇಕು, ಅಗತ್ಯವಿದ್ದರೆ ಸ್ನಾನಕ್ಕೆ ಮುಂಚೆ ಗುಳಿಗೆ ಕೊಡುವ ಕ್ರಮವೂ ವೈದ್ಯರಲ್ಲಿದೆ. ಗುಳಿಗೆಯ ದಿನಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಸಾದಾ ನೋವುಗುಳಿಗೆ ತಿಂಗಳಿಗೆ 15 ದಿನ, ಹಲವು ಔಷಧ ಬೆರೆತ ಗುಳಿಗೆ 10 ದಿನ ಮುಟ್ಟಿ ಮೂರು ತಿಂಗಳು ದಾಟಿದರೆ ಗುಳಿಗೆಯೇ ತಲೆನೋವು ತರತೊಡಗುತ್ತದೆ. ಆಮೇಲೆ ಸ್ನಾನ ಮಾಡಿದರೂ ನೋವು, ಮಾಡದಿದ್ದರೂ ನೋವು.

ಬಚ್ಚಲುಮನೆಯಲ್ಲಿ ಬರುವ ಎರಡು ತಲೆನೋವುಗಳನ್ನು ಮಾತ್ರ ದಿನಚರಿಗೆ ಬಿಡಬಾರದು. ಮೊದಲನೆಯದು ನೀರು ಮೈಗೆ ಬೀಳುತ್ತಿದ್ದಂತೆ ಸಿಡಿಲಿನಂತೆ ಎರಗಿ, ಒಂದು ನಿಮಿಷದೊಳಗೆ ಜೀವನದಲ್ಲೇ ಕಾಣದಷ್ಟು ತೀವ್ರವಾಗುವ ನೋವು. ಮಿದುಳಿನ ರಕ್ತನಾಳಗಳು ಸೆಡೆತುಕೊಳ್ಳುವುದೋ, ರಕ್ತಸ್ರಾವವೋ ಕಾರಣವಿರಬಹುದು. ಅಪರೂಪ, ಆದರೆ ನೇರ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಅಷ್ಟು ಅಪರೂಪವಲ್ಲ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೈಸ್ನಾನ ಐದು ನಿಮಿಷದಲ್ಲಿ ಮುಗಿದರೆ ತಲೆಸ್ನಾನ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತೂ ಬರ್ನರ್ ಉರಿಯುತ್ತಿರುತ್ತದೆ. ಆದ್ದರಿಂದ ತಲೆಸ್ನಾನದ ದಿನವೇ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಕಾಲು ಸೋಲುವುದು ಕಾಣಿಸುತ್ತದೆ. ಹೊರಗೆ ಬಂದು ಗಾಳಿಗೆ ಕೂತರೆ ಇಳಿಯುತ್ತದೆ, ಮನೆಯ ಇನ್ನೊಬ್ಬರಿಗೂ ಹಾಗೇ ಆಗಿರುತ್ತದೆ, ಸೋಲಾರ್ ನೀರಿನಲ್ಲಿ ಸ್ನಾನ ಮಾಡಿದ ದಿನ ಆಗಿರುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇದನ್ನು ಹಿಡಿಯದು. ವಿಷ ಏರಿದಾಗಲೂ ಅದು ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಶೀತ ಎಂದುಕೊಂಡು ಮುಂದಿನ ಸಲ ಕಿಟಕಿಯನ್ನು ಇನ್ನಷ್ಟು ಭದ್ರವಾಗಿ ಮುಚ್ಚಿ ಸ್ನಾನಕ್ಕೆ ಕೂತವರು ಬಚ್ಚಲಲ್ಲೇ ಕುಸಿದು ಪ್ರಾಣ ಬಿಟ್ಟದ್ದುಂಟು. ನಿಮ್ಮ ಮನೆಯ ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಈ ವಾರವೇ ಅದನ್ನು ಹೊರಗೆ ಹಾಕಿಸಿ. ಅಲ್ಲಿಯವರೆಗೆ ಕಿಟಕಿ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆಯೇ ಸ್ನಾನಕ್ಕೆ ಹೋಗಿ.